ಬೆಣಚುಕಲ್ಲಿನಿಂದ ಸೌರಫಲಕದವರೆಗೆ

ಸೌರಫಲಕವನ್ನು ಮರಳಿನಿಂದ ಮಾಡುತ್ತಾರೆ ಎಂಬ ಮಾತು ರಸಾಯನಶಾಸ್ತ್ರದ ಮಟ್ಟಿಗೆ ಪೂರ್ತಿ ನಿಜ, ಕಾರ್ಖಾನೆಯ ಮಟ್ಟಿಗೆ ಅರ್ಧ ನಿಜ. ಮರಳಿನ ಬಿಳಿ ಕಣವೂ ಬೆಣಚುಕಲ್ಲೂ ಒಂದೇ ವಸ್ತು: ಸಿಲಿಕಾನ್ ಮತ್ತು ಆಮ್ಲಜನಕ ಕೂಡಿದ SiO₂. ಆದರೆ ಸಿಲಿಕಾನ್ ತೆಗೆಯುವ ಕುಲುಮೆಗೆ ಹೊಳೆಯ ಮರಳನ್ನು ಸುರಿಯುವುದಿಲ್ಲ. ಸಣ್ಣ ಕಣಗಳು ಒತ್ತೊತ್ತಾಗಿ ಕೂತರೆ ಕುಲುಮೆಯ ಅನಿಲಕ್ಕೆ ಮೇಲೇಳಲು ದಾರಿಯಿರುವುದಿಲ್ಲ. ಹೊಳೆಮರಳಿನಲ್ಲಿ ಕಬ್ಬಿಣ, ಅಲ್ಯೂಮಿನಿಯಂ ಬೆರೆತ ಖನಿಜಗಳೂ ಹೆಚ್ಚು. ಹಾಗಾಗಿ ಗಣಿಯಿಂದ ತೆಗೆದ ಬೆಣಚುಕಲ್ಲನ್ನೇ ತುಂಡುಗಳಾಗಿ ಒಡೆದು, ತೊಳೆದು ಬಳಸುತ್ತಾರೆ. ಮರಳು ಮರಳಾಗಿಯೇ ಸೇರುವುದು ಫಲಕದ ಮೇಲಿನ ಗಾಜಿಗೆ.

ಸೌರ ಉದ್ಯಾನಗಳಲ್ಲೂ ಮನೆಯ ತಾರಸಿಗಳಲ್ಲೂ ಈಚಿನ ವರ್ಷಗಳಲ್ಲಿ ಹೆಚ್ಚಾಗಿ ಕಾಣುವ 550 ವ್ಯಾಟ್‌ನ ಫಲಕವೊಂದನ್ನು ಹಿಡಿದು ನೋಡಿದರೆ ಲೆಕ್ಕ ಸ್ಪಷ್ಟವಾಗುತ್ತದೆ. ಅದು ಸುಮಾರು 2.28 ಮೀಟರ್ ಉದ್ದ, 1.13 ಮೀಟರ್ ಅಗಲ ಇರುತ್ತದೆ. ತೂಕ 28 ಕಿಲೋ ಆಸುಪಾಸು. ಅದರಲ್ಲಿ 20 ಕಿಲೋದಷ್ಟು ಗಾಜು. ವಿದ್ಯುತ್ ಹುಟ್ಟಿಸುವ ಸಿಲಿಕಾನ್ ಮಾತ್ರ ಒಂದು ಕಿಲೋ ಕೂಡ ಇರುವುದಿಲ್ಲ. ಫಲಕದ ತಯಾರಿಕೆಯ ಮುಕ್ಕಾಲು ಪಾಲು ಕಷ್ಟವೆಲ್ಲ ಆ ಒಂದು ಕಿಲೋದೊಳಗಿನ ಸಿಲಿಕಾನನ್ನು ಶುದ್ಧಗೊಳಿಸಿ, ಅದರ ಪರಮಾಣುಗಳನ್ನು ಸಾಲಾಗಿ ಕೂರಿಸುವುದರಲ್ಲಿದೆ.

ಕುಲುಮೆ

ಸಿಲಿಕಾನ್ ಆಮ್ಲಜನಕವನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಅದನ್ನು ಕಸಿದುಕೊಳ್ಳಲು ಇಂಗಾಲ ಬೇಕು, ಅತಿ ಹೆಚ್ಚಿನ ಕಾವೂ ಬೇಕು. ಬೆಣಚುಕಲ್ಲಿನ ತುಂಡುಗಳಿಗೆ ಕಲ್ಲಿದ್ದಲು, ಕೋಕ್, ಇದ್ದಿಲು ಮತ್ತು ಮರದ ಚಕ್ಕೆಗಳನ್ನು ಬೆರೆಸಿ ದೊಡ್ಡ ವಿದ್ಯುತ್ ಕುಲುಮೆಗೆ ತುಂಬುತ್ತಾರೆ. ಮರದ ಚಕ್ಕೆ ಇಂಗಾಲವನ್ನು ಒದಗಿಸುವುದರ ಜೊತೆಗೆ ರಾಶಿಯನ್ನು ಸಡಿಲವಾಗಿಯೂ ಇಡುತ್ತದೆ. ರಾಶಿಯೊಳಗೆ ಇಳಿಬಿಟ್ಟ ದಪ್ಪ ಇಂಗಾಲದ ಕಂಬಗಳ ತುದಿಯಲ್ಲಿ ವಿದ್ಯುತ್ ಕಿಡಿಯುರಿ ಹೊತ್ತಿ, ಒಳಗಿನ ಕಾವು 1900 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ನಡುವೆ ಹಲವು ಹಂತಗಳಿದ್ದರೂ ಒಟ್ಟು ಕ್ರಿಯೆ ಇಷ್ಟೇ:

SiO₂ + 2C → Si + 2CO

ಕರಗಿದ ಸಿಲಿಕಾನ್ ಕುಲುಮೆಯ ಅಡಿಯಿಂದ ಹರಿದು ಬಂದು ಅಚ್ಚಿನಲ್ಲಿ ಬೂದುಬಣ್ಣದ, ಲೋಹದಂತೆ ಹೊಳೆಯುವ ಗಟ್ಟಿಯಾಗುತ್ತದೆ. ಒಂದು ಕಿಲೋ ಸಿಲಿಕಾನಿಗೆ ಎರಡೂವರೆ ಕಿಲೋಗಿಂತ ತುಸು ಹೆಚ್ಚು ಬೆಣಚುಕಲ್ಲೂ ಸುಮಾರು 12 ಯೂನಿಟ್ ವಿದ್ಯುತ್ತೂ ಬೇಕು. ಇಂಗಾಲ ಆಮ್ಲಜನಕದೊಡನೆ ಸೇರಿ ಹೊಗೆಯಾಗಿ ಹೋಗುವುದರಿಂದ ವಿದ್ಯುತ್ ಎಲ್ಲಿಂದಲೇ ಬಂದಿರಲಿ, ಈ ಹಂತದಲ್ಲಿ ಇಂಗಾಲದ ಅನಿಲ ಹೊರಬೀಳುವುದು ತಪ್ಪುವುದಿಲ್ಲ.

ಹೀಗೆ ಸಿಕ್ಕ ಸಿಲಿಕಾನ್ 98ರಿಂದ 99 ಶೇಕಡಾ ಶುದ್ಧ. ಅಲ್ಯೂಮಿನಿಯಂ ಜೊತೆ ಎರಕ ಹೊಯ್ಯಲು, ಸಿಲಿಕೋನ್ ಅಂಟು ಮಾಡಲು ಇದು ಧಾರಾಳ ಸಾಕು. ಸೌರಕೋಶಕ್ಕೆ ಇದು ಏನೇನೂ ಸಾಲದು.

ಎಷ್ಟು ಶುದ್ಧವಾದರೆ ಸಾಕು?

ಶುದ್ಧ ಸಿಲಿಕಾನ್ ವಿದ್ಯುತ್ತನ್ನು ಚೆನ್ನಾಗಿ ಹರಿಯಗೊಡುವುದಿಲ್ಲ. ಅದಕ್ಕೆ ಬೇಕಾದ ಗುಣ ಬರುವುದು ಬೇಕೆಂದೇ ಬೆರೆಸಿದ ಅನ್ಯ ಪರಮಾಣುಗಳಿಂದ. ಬೋರಾನ್ ಅಥವಾ ಗ್ಯಾಲಿಯಂ ಬೆರೆಸಿದರೆ ಎಲೆಕ್ಟ್ರಾನಿನ ಕೊರತೆಯಿರುವ ಪಿ ಮಾದರಿಯ ಸಿಲಿಕಾನ್, ರಂಜಕ ಬೆರೆಸಿದರೆ ಎಲೆಕ್ಟ್ರಾನ್ ಹೆಚ್ಚಿರುವ ಎನ್ ಮಾದರಿಯ ಸಿಲಿಕಾನ್ ಆಗುತ್ತದೆ. ಹೀಗೆ ಬೆರೆಸುವ ಪ್ರಮಾಣ ಸುಮಾರು 50 ಲಕ್ಷ ಸಿಲಿಕಾನ್ ಪರಮಾಣುಗಳಿಗೆ ಒಂದರಂತೆ. ಶೇಕಡಾ 99 ಶುದ್ಧವಾದ ಸಿಲಿಕಾನಿನಲ್ಲಿ ಅದೇ 50 ಲಕ್ಷಕ್ಕೆ 50 ಸಾವಿರ ಅನ್ಯ ಪರಮಾಣುಗಳು ಆಗಲೇ ತುಂಬಿಕೊಂಡಿರುತ್ತವೆ. ಅಲ್ಲಿ ಬೇಕೆಂದು ಹಾಕಿದ ಒಂದು ಪರಮಾಣುವಿನ ಆಟ ನಡೆಯುವುದಿಲ್ಲ.

ಕಬ್ಬಿಣದಂಥ ಲೋಹಗಳ ಕಾಟ ಬೇರೆ ಬಗೆಯದು. ಬೆಳಕು ಬಿದ್ದಾಗ ಸಿಲಿಕಾನಿನಲ್ಲಿ ಬಿಡುಗಡೆಯಾದ ಎಲೆಕ್ಟ್ರಾನ್ ತಂತಿಯನ್ನು ಮುಟ್ಟುವವರೆಗೆ ಬಾಳಬೇಕು. ದಾರಿಯಲ್ಲಿ ಕಬ್ಬಿಣದ ಪರಮಾಣು ಸಿಕ್ಕರೆ ಅದು ಅಲ್ಲೇ ಸಿಲುಕಿ, ತಾನು ಬಿಟ್ಟುಬಂದಂಥ ಖಾಲಿ ಜಾಗವೊಂದನ್ನು ಮತ್ತೆ ಸೇರಿಬಿಡುತ್ತದೆ. ಆ ಬೆಳಕು ಬರೀ ಕಾವಾಗಿ ವ್ಯರ್ಥವಾಗುತ್ತದೆ. ಅದಕ್ಕಾಗಿಯೇ ಸೌರಕೋಶದ ಸಿಲಿಕಾನಿನಲ್ಲಿ ಲೋಹದ ಕಲ್ಮಶ ನೂರು ಕೋಟಿಗೆ ಒಂದಕ್ಕಿಂತಲೂ ಕಡಿಮೆ ಇರಬೇಕೆಂದು ಕಾರ್ಖಾನೆಗಳು ಪಟ್ಟು ಹಿಡಿಯುವುದು.

ಘನವನ್ನು ದ್ರವ ಮಾಡಿ ಬಟ್ಟಿ ಇಳಿಸುವುದು

ಘನ ಸಿಲಿಕಾನನ್ನು ಎಷ್ಟು ತೊಳೆದರೂ ಅದರ ಒಳಗಿನ ಕಲ್ಮಶ ಹೋಗುವುದಿಲ್ಲ. ಇದಕ್ಕೆ ಕಂಡುಕೊಂಡ ಉಪಾಯವೆಂದರೆ, ಸಿಲಿಕಾನನ್ನೇ ಬಟ್ಟಿ ಇಳಿಸಬಹುದಾದ ದ್ರವವಾಗಿ ಬದಲಿಸುವುದು. ಗಟ್ಟಿಯನ್ನು ಪುಡಿ ಮಾಡಿ, ಸುಮಾರು 300 ಡಿಗ್ರಿಯಲ್ಲಿ ಹೈಡ್ರೋಜನ್ ಕ್ಲೋರೈಡ್ ಅನಿಲದೊಡನೆ ಕೂಡಿಸಿದರೆ ಟ್ರೈಕ್ಲೋರೋಸಿಲೇನ್ ಎಂಬ ಬಣ್ಣವಿಲ್ಲದ ದ್ರವ ಸಿಗುತ್ತದೆ:

Si + 3HCl → SiHCl₃ + H₂

ಈ ದ್ರವ ಕುದಿಯುವುದು ಸುಮಾರು 32 ಡಿಗ್ರಿಯಲ್ಲಿ. ಕಬ್ಬಿಣ, ಅಲ್ಯೂಮಿನಿಯಂಗಳ ಕ್ಲೋರೈಡ್‌ಗಳು ಆವಿಯಾಗಲು ಅದಕ್ಕಿಂತ ಬಹಳ ಹೆಚ್ಚಿನ ಕಾವು ಬೇಕು, ಹಾಗಾಗಿ ಅವು ಹಿಂದೆ ಉಳಿಯುತ್ತವೆ. ಬೋರಾನ್ ಮತ್ತು ರಂಜಕದ ಸಂಯುಕ್ತಗಳ ಕುದಿಬಿಂದು ಹತ್ತಿರವಾದ್ದರಿಂದ ಅವುಗಳನ್ನು ಬೇರ್ಪಡಿಸಲು ಎತ್ತರದ ಗೋಪುರಗಳಲ್ಲಿ ದ್ರವವನ್ನು ಮತ್ತೆ ಮತ್ತೆ ಬಟ್ಟಿ ಇಳಿಸಬೇಕಾಗುತ್ತದೆ. ದೂರದಿಂದ ನೋಡುವವರಿಗೆ ಪಾಲಿಸಿಲಿಕಾನ್ ಕಾರ್ಖಾನೆ ತೈಲ ಶುದ್ಧೀಕರಣ ಘಟಕದಂತೆ ಕಾಣುವುದು ಈ ಗೋಪುರಗಳಿಂದಲೇ.

ಈಗ ದ್ರವದಿಂದ ಸಿಲಿಕಾನನ್ನು ಮರಳಿ ಪಡೆಯಬೇಕು. ಗಂಟೆಯಾಕಾರದ ಉಕ್ಕಿನ ಪಾತ್ರೆಯೊಳಗೆ ತೆಳುವಾದ ಶುದ್ಧ ಸಿಲಿಕಾನ್ ಕಡ್ಡಿಗಳನ್ನು ತಲೆಕೆಳಗಾದ ಅಕ್ಷರ U ಆಕಾರದಲ್ಲಿ ನಿಲ್ಲಿಸಿ, ವಿದ್ಯುತ್ ಹರಿಸಿ 1100 ಡಿಗ್ರಿ ಆಸುಪಾಸಿಗೆ ಕೆಂಪಗೆ ಕಾಯಿಸುತ್ತಾರೆ. ಟ್ರೈಕ್ಲೋರೋಸಿಲೇನ್ ಆವಿಯನ್ನೂ ಜಲಜನಕವನ್ನೂ ಒಳಗೆ ಬಿಟ್ಟರೆ ಕಾದ ಕಡ್ಡಿಯ ಮೇಲೆ ಸಿಲಿಕಾನ್ ಪದರಪದರವಾಗಿ ಕೂರುತ್ತದೆ. ಹಲವು ದಿನ ಕಳೆಯುವಷ್ಟರಲ್ಲಿ ಕಡ್ಡಿ ತೋಳಿಗಿಂತ ದಪ್ಪವಾಗಿರುತ್ತದೆ. ಪಾತ್ರೆಯ ಗೋಡೆಯನ್ನು ಮಾತ್ರ ತಣ್ಣಗಿಡಬೇಕು, ಇಲ್ಲದಿದ್ದರೆ ಅಲ್ಲಿಯೂ ಸಿಲಿಕಾನ್ ಕೂತು ಉಕ್ಕಿನ ಕಲ್ಮಶ ಹತ್ತಿಕೊಳ್ಳುತ್ತದೆ. ಒಳಗೆ ಸಾವಿರ ಡಿಗ್ರಿ, ಹೊರಗೆ ತಣ್ಣನೆಯ ಗೋಡೆ: ಈ ವಿಧಾನ ವಿದ್ಯುತ್ತನ್ನು ಕುಡಿಯುವುದು ಇದರಿಂದ. ಈಗಿನ ಸುಧಾರಿತ ಘಟಕಗಳಲ್ಲೂ ಕಿಲೋಗೆ 60 ಯೂನಿಟ್ ಆಸುಪಾಸು ಬೇಕು. ಜರ್ಮನಿಯ ಸೀಮೆನ್ಸ್ ಕಂಪನಿ 1950ರ ದಶಕದಲ್ಲಿ ರೂಪಿಸಿದ್ದರಿಂದ ಇದಕ್ಕೆ ಸೀಮೆನ್ಸ್ ವಿಧಾನ ಎಂದೇ ಹೆಸರು.

ಈ ಹಂತದ ದೊಡ್ಡ ಅಪಾಯ ಉಪಉತ್ಪನ್ನವಾಗಿ ಬರುವ ಸಿಲಿಕಾನ್ ಟೆಟ್ರಾಕ್ಲೋರೈಡ್. ಅದು ತೇವ ತಾಗಿದೊಡನೆ ಹೈಡ್ರೋಕ್ಲೋರಿಕ್ ಆಮ್ಲದ ಹೊಗೆಯೆಬ್ಬಿಸುತ್ತದೆ. ಅದನ್ನು ಹೊಲಗಳ ಬದಿಗೆ ಸುರಿದು ನೆಲ ಹಾಳಾದ ವರದಿಗಳು 2008ರಲ್ಲಿ ಚೀನಾದಿಂದ ಬಂದಿದ್ದವು. ಈಗ ಅದನ್ನು ಜಲಜನಕದೊಡನೆ ಕಾಯಿಸಿ ಮತ್ತೆ ಟ್ರೈಕ್ಲೋರೋಸಿಲೇನ್ ಆಗಿಸಿ ಗೋಪುರಕ್ಕೇ ಕಳಿಸುತ್ತಾರೆ. ಕಚ್ಚಾವಸ್ತು ಉಳಿಯುವುದರಿಂದ ಇದು ಲಾಭವೂ ಹೌದು.

ಹರಳನ್ನು ಎಳೆಯುವುದು

ಒಡೆದು ತುಂಡು ಮಾಡಿದ ಪಾಲಿಸಿಲಿಕಾನ್ ಶುದ್ಧವಾಗಿರುತ್ತದೆ, ಆದರೆ ಅದು ಲೆಕ್ಕವಿಲ್ಲದಷ್ಟು ಸಣ್ಣ ಹರಳುಗಳು ಅಡ್ಡಾದಿಡ್ಡಿ ಕೂಡಿದ ಮುದ್ದೆ. ಎರಡು ಹರಳುಗಳು ಕೂಡುವ ಗಡಿಯಲ್ಲಿ ಎಲೆಕ್ಟ್ರಾನುಗಳು ಸಿಲುಕಿ ಕಳೆದುಹೋಗುತ್ತವೆ. ಇಡೀ ತುಂಡು ಒಂದೇ ಹರಳಾದರೆ ಆ ನಷ್ಟವಿಲ್ಲ. ಅದಕ್ಕೆ ಬಳಸುವ ವಿಧಾನವನ್ನು 1916ರಲ್ಲಿ ಕಂಡುಕೊಂಡವನು ಪೋಲೆಂಡಿನ ರಸಾಯನಶಾಸ್ತ್ರಜ್ಞ ಯಾನ್ ಚೊಕ್ರಾಲ್‌ಸ್ಕಿ.

ಪಾಲಿಸಿಲಿಕಾನ್ ತುಂಡುಗಳನ್ನು ಅತಿ ಶುದ್ಧ ಬೆಣಚಿನ ಮೂಸೆಯಲ್ಲಿ ತುಂಬಿ, ಆರ್ಗಾನ್ ಅನಿಲದ ನಡುವೆ ಕರಗಿಸುತ್ತಾರೆ. ಸಿಲಿಕಾನ್ ಕರಗುವುದು 1414 ಡಿಗ್ರಿಯಲ್ಲಿ. ಬೆರೆಸಬೇಕಾದ ಗ್ಯಾಲಿಯಂ ಅಥವಾ ರಂಜಕವನ್ನು ಈಗಲೇ ಸೇರಿಸುತ್ತಾರೆ. ಮೇಲಿಂದ ಇಳಿಬಿಟ್ಟ ಪೆನ್ಸಿಲ್ ಗಾತ್ರದ ಬೀಜಹರಳು ದ್ರವದ ಮೇಲ್ಮೈಯನ್ನು ಮುಟ್ಟಿದಾಗ ಅದಕ್ಕೆ ತಾಗಿದ ಸಿಲಿಕಾನ್ ಬೀಜದ ಸಾಲನ್ನೇ ಅನುಸರಿಸಿ ಗಟ್ಟಿಯಾಗತೊಡಗುತ್ತದೆ. ಮೊದಲು ಬೇಗನೆ ಎಳೆದು ಸಣ್ಣ ಕತ್ತೊಂದನ್ನು ಬೆಳೆಸುತ್ತಾರೆ. ಬೀಜ ಬಿಸಿ ದ್ರವವನ್ನು ಮುಟ್ಟಿದ ಆಘಾತಕ್ಕೆ ಸಾಲಿನಲ್ಲಿ ಹುಟ್ಟಿದ ದೋಷಗಳು ಆ ಕತ್ತಿನ ಅಂಚಿಗೆ ಓಡಿ ಅಲ್ಲೇ ಮುಗಿಯುತ್ತವೆ. ಆಮೇಲೆ ಭುಜ ಅಗಲಿಸಿ, ಕಾಲು ಮೀಟರಿಗೆ ಹತ್ತಿರದ ಅಗಲದ ದಿಮ್ಮಿಯನ್ನು ನಿಮಿಷಕ್ಕೆ ಒಂದು ಮಿಲಿಮೀಟರಿನ ಆಸುಪಾಸು ವೇಗದಲ್ಲಿ, ತಿರುಗಿಸುತ್ತ, ಮೇಲಕ್ಕೆಳೆಯುತ್ತಾರೆ. ಕೆಲವು ಮೀಟರ್ ಉದ್ದದ ದಿಮ್ಮಿಗೆ ದಿನಗಳೇ ಹಿಡಿಯುತ್ತವೆ.

ಹರಳು ಕೂಡುವಾಗ ಇನ್ನೊಂದು ಉಪಕಾರವೂ ಆಗುತ್ತದೆ. ಕಬ್ಬಿಣದ ಪರಮಾಣುವಿಗೆ ಸಿಲಿಕಾನಿನ ಸಾಲಿನಲ್ಲಿ ಜಾಗ ಸಿಗುವುದು ಬಹಳ ಕಷ್ಟ, ಅದು ದ್ರವದಲ್ಲೇ ಉಳಿಯುತ್ತದೆ. ಹೀಗೆ ದಿಮ್ಮಿ ಶುದ್ಧವಾಗುತ್ತ ಹೋಗುತ್ತದೆ, ಮೂಸೆಯ ತಳದ ದ್ರವ ಮಲಿನವಾಗುತ್ತ ಹೋಗುತ್ತದೆ. ಅದಕ್ಕೇ ಕೊನೆಯ ದ್ರವವನ್ನು ಪೂರ್ತಿ ಎಳೆಯದೆ ಬಿಡುತ್ತಾರೆ.

ದಿಮ್ಮಿಯ ಮೈಮೇಲೆ ಉದ್ದಕ್ಕೂ ನಾಲ್ಕು ಸಣ್ಣ ಏಣುಗಳು ಕಾಣುತ್ತಿದ್ದರೆ ಒಳಗೆ ಹರಳು ಒಂದೇ ಆಗಿದೆ ಎಂದರ್ಥ. ಏಣು ನಡುವೆ ಮಾಯವಾದರೆ ಸಾಲು ಕೆಟ್ಟಿದೆ; ಕೆಲಸಗಾರರು ಎಳೆಯುವುದನ್ನು ನಿಲ್ಲಿಸಿ ಆ ಭಾಗವನ್ನು ಮತ್ತೆ ಕರಗಿಸುತ್ತಾರೆ. ಮೂಸೆಯದೇ ಒಂದು ತಾಪತ್ರಯ. ಕರಗಿದ ಸಿಲಿಕಾನ್ ಮೂಸೆಯ ಗೋಡೆಯನ್ನು ಮೆಲ್ಲಗೆ ಕರಗಿಸಿ ಆಮ್ಲಜನಕವನ್ನು ಎಳೆದುಕೊಳ್ಳುತ್ತದೆ. ಆ ಆಮ್ಲಜನಕ ಬೋರಾನ್ ಜೊತೆ ಸೇರಿದರೆ ಫಲಕ ಮೊದಲ ಬಿಸಿಲಿನಲ್ಲೇ ಸ್ವಲ್ಪ ಶಕ್ತಿ ಕಳೆದುಕೊಳ್ಳುತ್ತದೆ. ಪಿ ಮಾದರಿಯ ದಿಮ್ಮಿಗಳಲ್ಲಿ ಬೋರಾನ್ ಜಾಗಕ್ಕೆ ಗ್ಯಾಲಿಯಂ ಬಂದದ್ದು ಈ ಕಾರಣಕ್ಕೆ. ಮೂಸೆಯ ಒಳಪದರಕ್ಕೆ ಬೇಕಾದ ಅತಿ ಶುದ್ಧ ಬೆಣಚು ಸಿಗುವ ಜಾಗಗಳು ಕಡಿಮೆ. ಅವುಗಳಲ್ಲಿ ಹೆಸರಾದದ್ದು ಅಮೆರಿಕದ ಉತ್ತರ ಕೆರೊಲಿನಾದ ಸ್ಪ್ರೂಸ್ ಪೈನ್.

ದಿಮ್ಮಿಯಿಂದ ವೇಫರ್

ದುಂಡು ದಿಮ್ಮಿಯ ನಾಲ್ಕು ಬದಿಗಳನ್ನು ಕತ್ತರಿಸಿ ಚೌಕ ಮಾಡುತ್ತಾರೆ. ವೃತ್ತದಿಂದ ಚೌಕ ತೆಗೆದರೆ ಮೂರನೆಯ ಒಂದು ಪಾಲು ಬದಿಗೆ ಬೀಳುತ್ತದೆ, ಆದರೆ ಆ ಚೂರುಗಳು ಶುದ್ಧವಾಗಿರುವುದರಿಂದ ಮತ್ತೆ ಮೂಸೆಗೇ ಹೋಗುತ್ತವೆ. ನಿಜವಾದ ನಷ್ಟ ಇರುವುದು ಮುಂದಿನ ಕೊಯ್ತದಲ್ಲಿ.

ಚೌಕ ದಿಮ್ಮಿಯನ್ನು ಸೀಳಲು ವಜ್ರದ ಪುಡಿ ಅಂಟಿಸಿದ ಉಕ್ಕು ಅಥವಾ ಟಂಗ್‌ಸ್ಟನ್ ತಂತಿ ಬಳಸುತ್ತಾರೆ. ತಂತಿ ತಲೆಗೂದಲಿಗಿಂತ ತೆಳು. ಒಂದೇ ತಂತಿಯನ್ನು ಎರಡು ಉರುಳೆಗಳ ಮೇಲೆ ಸಾವಿರಾರು ಸುತ್ತು ಹಾಯಿಸಿ, ವೇಗವಾಗಿ ಓಡಿಸುತ್ತ, ನೀರು ಹನಿಸುತ್ತ ಇಡೀ ದಿಮ್ಮಿಯನ್ನು ಒಟ್ಟಿಗೇ ಸೀಳುತ್ತಾರೆ. ವೇಫರಿನ ದಪ್ಪ 150 ಮೈಕ್ರಾನ್ ಎಂದುಕೊಂಡರೆ, ಅಂದರೆ ಮಿಲಿಮೀಟರಿನ ಏಳನೆಯ ಒಂದು ಪಾಲು, ಪ್ರತಿ ಸೀಳಿನಲ್ಲೂ ಸುಮಾರು 60 ಮೈಕ್ರಾನ್ ಸಿಲಿಕಾನ್ ಪುಡಿಯಾಗಿ ನೀರಿನಲ್ಲಿ ಹೋಗುತ್ತದೆ. ಆ ಪುಡಿಗೆ ನೀರಿನ ಆಮ್ಲಜನಕವೂ ತಂತಿಯ ಲೋಹವೂ ಅಂಟುವುದರಿಂದ ಅದನ್ನು ಮೂಸೆಗೆ ನೇರವಾಗಿ ಮರಳಿಸಲಾಗದು.

550 ವ್ಯಾಟ್‌ನ ಫಲಕದ ಲೆಕ್ಕ ಇಲ್ಲಿ ಬೀಳುತ್ತದೆ. ಅದಕ್ಕೆ 182 ಮಿಲಿಮೀಟರ್ ಚೌಕದ 72 ವೇಫರ್ ಬೇಕು. ಒಂದರ ತೂಕ ಹನ್ನೊಂದೂವರೆ ಗ್ರಾಂ, ಎಲ್ಲ ಸೇರಿ ಸುಮಾರು 830 ಗ್ರಾಂ. ಸೀಳಿದ ಪುಡಿಯನ್ನು ಕೂಡಿಸಿದರೆ ಪಾಲಿಸಿಲಿಕಾನ್ ಸುಮಾರು 1.2 ಕಿಲೋ, ಅದಕ್ಕೆ ಕುಲುಮೆಯ ಸಿಲಿಕಾನ್ 1.3 ಕಿಲೋ, ಅದಕ್ಕೆ ಬೆಣಚುಕಲ್ಲು ಮೂರೂವರೆ ಕಿಲೋದಷ್ಟು. ಕುಲುಮೆ ಮತ್ತು ಶುದ್ಧೀಕರಣ ಎರಡಕ್ಕೂ ಕೂಡಿ 90 ಯೂನಿಟ್ ಆಸುಪಾಸು ವಿದ್ಯುತ್ ಬೇಕಾಗುತ್ತದೆ. ಒಳ್ಳೆಯ ಬಿಸಿಲಿನಲ್ಲಿ ಈ ಫಲಕ ದಿನಕ್ಕೆ ಎರಡು ಯೂನಿಟ್‌ಗಿಂತ ತುಸು ಹೆಚ್ಚು ಕೊಡುವುದರಿಂದ ಅಷ್ಟನ್ನು ಸುಮಾರು ನಲವತ್ತು ದಿನಗಳಲ್ಲಿ ಹಿಂದಿರುಗಿಸುತ್ತದೆ. ಹರಳು ಎಳೆಯುವುದು, ಗಾಜು, ಅಲ್ಯೂಮಿನಿಯಂ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದರೆ ಒಂದು ವರ್ಷದ ಆಸುಪಾಸು ಬೇಕು.

ವೇಫರ್ ಕೋಶವಾಗುವುದು

ಸೀಳಿದ ವೇಫರ್ ಬೂದು ಕನ್ನಡಿಯಂತಿದ್ದು, ಬಿದ್ದ ಬೆಳಕಿನ ಮೂರನೆಯ ಒಂದು ಪಾಲನ್ನು ವಾಪಸು ಕಳಿಸುತ್ತದೆ. ಅದನ್ನು ಬಿಸಿ ಕ್ಷಾರದಲ್ಲಿ ಅದ್ದಿದರೆ ತಂತಿ ಮಾಡಿದ ಗಾಯ ಕರಗಿ, ಮೇಲ್ಮೈಯಲ್ಲಿ ಕೆಲವೇ ಮೈಕ್ರಾನ್ ಎತ್ತರದ ಲಕ್ಷಾಂತರ ಪಿರಮಿಡ್‌ಗಳು ಏಳುತ್ತವೆ. ಕ್ಷಾರ ಹರಳನ್ನು ಎಲ್ಲ ದಿಕ್ಕಿನಲ್ಲೂ ಒಂದೇ ವೇಗದಲ್ಲಿ ತಿನ್ನುವುದಿಲ್ಲ, ಪಿರಮಿಡ್ ಮೂಡುವುದು ಅದರಿಂದ. ಒಂದು ಪಿರಮಿಡ್ಡಿನಿಂದ ಚಿಮ್ಮಿದ ಬೆಳಕು ಪಕ್ಕದ್ದಕ್ಕೆ ಬಡಿದು ಒಳಹೋಗಲು ಇನ್ನೊಂದು ಅವಕಾಶ ಪಡೆಯುತ್ತದೆ.

ಆಮೇಲೆ ಕೋಶದ ಜೀವಾಳವಾದ ಸಂಧಿ. ಪಿ ಮಾದರಿಯ ವೇಫರುಗಳನ್ನು ಬೆಣಚಿನ ಕೊಳವೆಯಲ್ಲಿ ಸಾಲಾಗಿ ನಿಲ್ಲಿಸಿ, 850 ಡಿಗ್ರಿ ಆಸುಪಾಸಿನಲ್ಲಿ ರಂಜಕ ಬೆರೆತ ಆವಿ ಹಾಯಿಸುತ್ತಾರೆ. ರಂಜಕ ಒಂದು ಮೈಕ್ರಾನಿಗೂ ಕಡಿಮೆ ಆಳಕ್ಕೆ ಇಳಿದು ಅಷ್ಟು ಪದರವನ್ನು ಎನ್ ಮಾದರಿಯಾಗಿಸುತ್ತದೆ. ಎರಡೂ ಕೂಡುವಲ್ಲಿ ತಾನಾಗಿ ಹುಟ್ಟುವ ವಿದ್ಯುತ್ ಕ್ಷೇತ್ರ, ಬೆಳಕು ಬಿಡಿಸಿದ ಎಲೆಕ್ಟ್ರಾನುಗಳನ್ನು ಒಂದು ಬದಿಗೇ ತಳ್ಳುತ್ತದೆ. ವೇಫರಿನ ಅಂಚಿಗೂ ಹಿಂಬದಿಗೂ ಹತ್ತಿದ ರಂಜಕವನ್ನು ಆಮ್ಲದಲ್ಲಿ ತೆಗೆಯದಿದ್ದರೆ ಮುಂದು ಹಿಂದು ಕೂಡಿಕೊಂಡು ಕೋಶ ಒಳಗೊಳಗೇ ಸೋರುತ್ತದೆ.

ಹರಳಿನ ಮೇಲ್ಮೈಯೂ ಎಲೆಕ್ಟ್ರಾನುಗಳನ್ನು ಹಿಡಿಯುವ ಬಲೆಯೇ, ಏಕೆಂದರೆ ಅಲ್ಲಿ ಪರಮಾಣುಗಳ ಕೈಗಳು ಜೊತೆಯಿಲ್ಲದೆ ಉಳಿದಿರುತ್ತವೆ. ಹಿಂಬದಿಗೆ ಅಲ್ಯೂಮಿನಿಯಂ ಆಕ್ಸೈಡಿನ ತೆಳು ಪದರ ಹಾಕಿದರೆ ಆ ನಷ್ಟ ತಗ್ಗುತ್ತದೆ. ಹಿಂಬದಿಯನ್ನು ಹೀಗೆ ಕಾಪಾಡುವ ಪರ್ಕ್ ಎಂಬ ಕೋಶವನ್ನು 1980ರ ದಶಕದಲ್ಲಿ ರೂಪಿಸಿದ್ದು ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದಲ್ಲಿ ಮಾರ್ಟಿನ್ ಗ್ರೀನ್ ಅವರ ತಂಡ. ಮುಂಬದಿಗೆ ಸುಮಾರು 75 ನ್ಯಾನೋಮೀಟರ್ ದಪ್ಪದ ಸಿಲಿಕಾನ್ ನೈಟ್ರೈಡ್ ಲೇಪನ. ಪ್ರತಿಫಲನವನ್ನು ಕೆಲವೇ ಶೇಕಡಾಕ್ಕೆ ಇಳಿಸುವುದು ಇದೇ, ಕೋಶಕ್ಕೆ ಕಡುನೀಲಿ ಬಣ್ಣ ಕೊಡುವುದೂ ಇದೇ. ಈಗ ಹೆಚ್ಚಾಗಿ ಬರುತ್ತಿರುವ ಟಾಪ್‌ಕಾನ್ ಕೋಶದಲ್ಲಿ ವೇಫರ್ ಎನ್ ಮಾದರಿಯದು, ಹಿಂಬದಿಯಲ್ಲಿ ಲೋಹ ಸಿಲಿಕಾನನ್ನು ನೇರವಾಗಿ ಮುಟ್ಟದಂತೆ ಒಂದೂವರೆ ನ್ಯಾನೋಮೀಟರಿನ ಆಕ್ಸೈಡ್ ಪದರವೊಂದನ್ನು ನಡುವೆ ಇಡುತ್ತಾರೆ.

ಕೊನೆಗೆ ವಿದ್ಯುತ್ತನ್ನು ಹೊರತರುವ ಗೆರೆಗಳು. ಬೆಳ್ಳಿಯ ಪುಡಿ ಕಲಸಿದ ಲೇಪವನ್ನು ಜಾಲರಿಯ ಮೂಲಕ ಒತ್ತಿ ಕೂದಲಿಗಿಂತ ತೆಳುವಾದ ಗೆರೆಗಳನ್ನು ಮುದ್ರಿಸುತ್ತಾರೆ. ಪರ್ಕ್ ಕೋಶದ ಹಿಂಬದಿಗೆ ಹೆಚ್ಚಾಗಿ ಅಲ್ಯೂಮಿನಿಯಂ. ಗೆರೆ ಅಗಲವಾದರೆ ನೆರಳು ಹೆಚ್ಚು, ತೆಳುವಾದರೆ ತಡೆ ಹೆಚ್ಚು. ಕೆಲವೇ ಸೆಕೆಂಡು 750 ಡಿಗ್ರಿ ಮೀರಿದ ಒಲೆಯಲ್ಲಿ ಹಾಯಿಸಿದಾಗ ಬೆಳ್ಳಿ ನೈಟ್ರೈಡ್ ಲೇಪನವನ್ನು ಕೊರೆದು ಸಿಲಿಕಾನನ್ನು ಮುಟ್ಟುತ್ತದೆ. ಕಾವು ಕಡಿಮೆಯಾದರೆ ಮುಟ್ಟುವುದಿಲ್ಲ, ಹೆಚ್ಚಾದರೆ ಬೆಳ್ಳಿ ಸಂಧಿಯನ್ನೇ ತೂರಿ ಕೋಶ ಸೋರತೊಡಗುತ್ತದೆ.

ಸಿದ್ಧವಾದ ಕೋಶ 0.7 ವೋಲ್ಟ್‌ನ ಆಸುಪಾಸು ಕೊಡುತ್ತದೆ. ಪ್ರತಿ ಕೋಶವನ್ನೂ ಕೃತಕ ಬೆಳಕಿನಡಿ ಅಳೆದು ಗುಂಪು ಮಾಡುತ್ತಾರೆ. ಸರಣಿಯಲ್ಲಿ ಜೋಡಿಸಿದ ಕೋಶಗಳಲ್ಲಿ ಹರಿಯುವ ವಿದ್ಯುತ್ತು ಎಲ್ಲಕ್ಕಿಂತ ದುರ್ಬಲ ಕೋಶದಷ್ಟೇ ಆಗುವುದರಿಂದ ಒಂದೇ ಶಕ್ತಿಯವನ್ನು ಒಟ್ಟುಗೂಡಿಸುವುದು ಅಗತ್ಯ.

ಕೋಶಗಳಿಂದ ಫಲಕ

ಪ್ರಪಂಚದ ವೇಫರುಗಳಲ್ಲಿ ಶೇಕಡಾ 95ಕ್ಕೂ ಹೆಚ್ಚು ಚೀನಾದಲ್ಲಿ ತಯಾರಾಗುತ್ತವೆ. ಭಾರತದ ಕಾರ್ಖಾನೆಗಳ ಕೆಲಸ ಬಹುಮಟ್ಟಿಗೆ ಆಮೇಲೆ ಶುರುವಾಗುತ್ತದೆ. ಬೆಂಗಳೂರಿನ ಆಸುಪಾಸಿನ ಘಟಕಗಳಲ್ಲಿ ನಡೆಯುವುದೂ ಕೋಶ ಮತ್ತು ಫಲಕದ ಹಂತಗಳೇ.

ಮೊದಲು 72 ಕೋಶಗಳನ್ನು ಲೇಸರಿನಿಂದ ಎರಡೆರಡು ಮಾಡಿ 144 ಅರ್ಧಕೋಶಗಳಾಗಿಸುತ್ತಾರೆ. ಅರ್ಧ ಮಾಡಿದರೆ ಪ್ರತಿಯೊಂದರ ವಿದ್ಯುತ್ ಹರಿವು ಅರ್ಧವಾಗುತ್ತದೆ, ಹರಿವಿನ ವರ್ಗಕ್ಕೆ ತಕ್ಕಂತೆ ಏರುವ ತಂತಿಯ ಕಾವಿನ ನಷ್ಟ ಕಾಲುಭಾಗಕ್ಕೆ ಇಳಿಯುತ್ತದೆ. ಬೆಸುಗೆ ಲೇಪಿಸಿದ ತಾಮ್ರದ ತಂತಿಗಳು ಒಂದು ಕೋಶದ ಮುಂಬದಿಯನ್ನು ಪಕ್ಕದ್ದರ ಹಿಂಬದಿಗೆ ಕೂಡಿಸುತ್ತವೆ. ಅರ್ಧಕೋಶಗಳು 72ರ ಎರಡು ಗುಂಪಾಗಿ ಸಮಾಂತರವಾಗಿ ಕೂಡಿ, ತೆರೆದ ತುದಿಗಳ ನಡುವೆ 50 ವೋಲ್ಟ್‌ನಷ್ಟು ಒತ್ತಡ ಬರುತ್ತದೆ.

ಇನ್ನು ಪದರಗಳ ಜೋಡಣೆ: ಕೆಳಗೆ 3.2 ಮಿಲಿಮೀಟರಿನ ಗಟ್ಟಿಗೊಳಿಸಿದ ಗಾಜು, ಅದರ ಮೇಲೆ ಇವಿಎ ಎಂಬ ಪ್ಲಾಸ್ಟಿಕ್ ಹಾಳೆ, ಮುಖ ಕೆಳಗಾಗಿ ಕೋಶಗಳು, ಮತ್ತೊಂದು ಇವಿಎ ಹಾಳೆ, ಕೊನೆಗೆ ಹಿಂಬದಿಯ ಹೊದಿಕೆ. ಗಾಜಿಗೆ ಕಬ್ಬಿಣದಂಶ ತೀರ ಕಡಿಮೆಯಿರುವ ಮರಳನ್ನೇ ಆರಿಸುತ್ತಾರೆ. ಮಾಮೂಲಿ ಗಾಜಿನ ಅಂಚಿನಲ್ಲಿ ಕಾಣುವ ಹಸಿರು ಛಾಯೆ ಕಬ್ಬಿಣದ್ದು, ಅದು ಬೆಳಕನ್ನು ನುಂಗುತ್ತದೆ. ಗಾಳಿಯನ್ನೆಲ್ಲ ಹೀರಿ ತೆಗೆದು, ಸುಮಾರು 145 ಡಿಗ್ರಿಯಲ್ಲಿ ಹತ್ತಿಪ್ಪತ್ತು ನಿಮಿಷ ಒತ್ತಿಟ್ಟರೆ ಇವಿಎ ಕರಗಿ, ಹೆಣೆದುಕೊಂಡು ಎಲ್ಲವನ್ನೂ ಒಂದು ಮಾಡುತ್ತದೆ. ಈ ಹೆಣಿಗೆ ಅರೆಬರೆಯಾದರೆ ವರ್ಷಗಳ ಬಿಸಿಲಿಗೆ ಪದರಗಳು ಬಿಟ್ಟುಕೊಂಡು ತೇವ ನುಗ್ಗುತ್ತದೆ. ಆಮೇಲೆ ಅಲ್ಯೂಮಿನಿಯಂ ಚೌಕಟ್ಟು, ಹಿಂದೆ ಜಂಕ್ಷನ್ ಬಾಕ್ಸ್. ಅದರೊಳಗಿನ ಮೂರು ಡಯೋಡ್‌ಗಳು ಫಲಕದ ಒಂದು ಭಾಗಕ್ಕೆ ನೆರಳು ಬಿದ್ದಾಗ ವಿದ್ಯುತ್ತಿಗೆ ಬದಲಿ ದಾರಿ ಕೊಡುತ್ತವೆ, ಇಲ್ಲದಿದ್ದರೆ ನೆರಳಿನ ಕೋಶ ಕಾದು ಸುಟ್ಟುಹೋಗುತ್ತದೆ.

ಪರೀಕ್ಷೆ

ಬರಿಗಣ್ಣಿಗೆ ಕಾಣದ ಬಿರುಕನ್ನು ಹಿಡಿಯಲು ಕತ್ತಲಲ್ಲಿ ಫಲಕಕ್ಕೇ ವಿದ್ಯುತ್ ಹರಿಸುತ್ತಾರೆ. ಆಗ ಸಿಲಿಕಾನ್ ಕಣ್ಣಿಗೆ ಕಾಣದ ಅವಗೆಂಪು ಬೆಳಕನ್ನು ಸೂಸುತ್ತದೆ. ಅದನ್ನು ಹಿಡಿಯುವ ಕ್ಯಾಮೆರಾದಲ್ಲಿ ಒಳ್ಳೆಯ ಕೋಶ ಒಂದೇ ಸಮ ಹೊಳೆಯುತ್ತದೆ, ಬಿರುಕು ಕಪ್ಪು ಗೆರೆಯಾಗಿ, ಸಂಪರ್ಕ ಕಡಿದ ಭಾಗ ಕಪ್ಪು ಮಚ್ಚೆಯಾಗಿ, ಸರಿಯಾಗಿ ಕೂರದ ಬೆಳ್ಳಿಗೆರೆ ಮಸುಕು ಪಟ್ಟಿಯಾಗಿ ಕಾಣುತ್ತದೆ. ಸಾಗಣೆಯಲ್ಲೋ ಜೋಡಿಸುವಾಗ ಮೇಲೆ ಹತ್ತಿ ನಡೆದದ್ದರಿಂದಲೋ ಆದ ಬಿರುಕನ್ನು ಮುಂದೆ ಪತ್ತೆ ಮಾಡುವುದೂ ಇದೇ ವಿಧಾನದಿಂದ. ಹೊಸ ಮಾದರಿಯೊಂದು ಮಾರುಕಟ್ಟೆಗೆ ಬರುವ ಮೊದಲು ಅದನ್ನು ಮೈನಸ್ 40 ಡಿಗ್ರಿಗೂ 85 ಡಿಗ್ರಿಗೂ ನಡುವೆ 200 ಸಲ ತಣಿಸಿ ಕಾಯಿಸಿ, 85 ಡಿಗ್ರಿಯ ತೇವದ ಕೋಣೆಯಲ್ಲಿ ಸಾವಿರ ಗಂಟೆ ಇಟ್ಟು, ಮಂಜಿನ ಗುಂಡು ಹೊಡೆದು ನೋಡುತ್ತಾರೆ.

ಕೊನೆಯದು ಶಕ್ತಿಯ ಅಳತೆ. ಚದರ ಮೀಟರಿಗೆ 1000 ವ್ಯಾಟ್ ಬೆಳಕನ್ನು ಒಂದು ಕ್ಷಣ ಚೆಲ್ಲಿ, ಕೋಶದ ಕಾವು 25 ಡಿಗ್ರಿಯಿರುವಾಗ ಬಂದ ಅಂಕಿಯನ್ನು ಹಿಂಬದಿಯ ಚೀಟಿಯಲ್ಲಿ ಮುದ್ರಿಸುತ್ತಾರೆ. 2.58 ಚದರ ಮೀಟರಿನ ಫಲಕದಿಂದ 550 ವ್ಯಾಟ್ ಎಂದರೆ ದಕ್ಷತೆ ಶೇಕಡಾ 21ರ ಮೇಲೆ. ಬರೀ ಸಿಲಿಕಾನಿನಿಂದ ಮಾಡಿದ ಕೋಶ ತಾತ್ವಿಕವಾಗಿ ಮುಟ್ಟಬಹುದಾದ ಮಿತಿ 29ರ ಆಸುಪಾಸು. ತಾರಸಿಯ ಮೇಲೆ ಮಧ್ಯಾಹ್ನದ ಬಿಸಿಲಿಗೆ ಕೋಶ 60 ಡಿಗ್ರಿಗೆ ಕಾಯುವುದು ಸಾಮಾನ್ಯ. ಡಿಗ್ರಿಗೆ ಶೇಕಡಾ 0.35ರಂತೆ ಶಕ್ತಿ ಇಳಿಯುವುದರಿಂದ ಆಗ ಸಿಗುವುದು 480 ವ್ಯಾಟ್ ಚಿಲ್ಲರೆ. ಚೀಟಿಯ ಮೇಲಿನ 550ಕ್ಕಿಂತ ಮೀಟರಿನ ಅಂಕಿ ಕಡಿಮೆ ಬಂದ ಮಾತ್ರಕ್ಕೆ ಫಲಕ ಕೆಟ್ಟಿದೆ ಎಂದಲ್ಲ. ಒಂದೇ ಬಿಸಿಲಿನಲ್ಲಿ ಪಕ್ಕಪಕ್ಕದ ಫಲಕಗಳಲ್ಲಿ ಒಂದು ಮಾತ್ರ ಹಿಂದೆ ಬಿದ್ದರೆ ಆಗ ಹುಡುಕಬೇಕಾದದ್ದು ನೆರಳು, ದೂಳು, ಸಡಿಲವಾದ ಸಂಪರ್ಕ ಅಥವಾ ಒಳಗಿನ ಬಿರುಕು.